ಬೇಡ ಎನ್ನಲು ಬರುವ ಹಾಗೆ ಕೇಳುವುದು

ಜನವರಿ ಮುಗಿಯುತ್ತ ಬಂದಂತೆ ಪುಣೆಯ ಶಾಲೆಗಳಿಂದ ಪಾಲಕರಿಗೆ ಒಂದು ಪತ್ರ ಬರುತ್ತದೆ. ಫೆಬ್ರುವರಿ 28 ರಾಷ್ಟ್ರೀಯ ವಿಜ್ಞಾನ ದಿನ. 1928ರ ಅದೇ ದಿನ ಕಂಡುಕೊಂಡ ರಾಮನ್ ಪರಿಣಾಮದ ನೆನಪಿಗೆ 1987ರಿಂದ ಇದನ್ನು ಆಚರಿಸುತ್ತಿದ್ದಾರೆ. ಈ ಊರಿನಲ್ಲಿ ಅದರ ಸಡಗರ ತುಸು ಹೆಚ್ಚೇ. ವಿಶ್ವವಿದ್ಯಾಲಯದ ಆವರಣದಲ್ಲಿರುವ ಅಯುಕಾ ಖಗೋಳ ಸಂಸ್ಥೆ ಜನರಿಗೆ ಬಾಗಿಲು ತೆರೆಯುತ್ತದೆ. ನಾರಾಯಣಗಾವ್ ಹತ್ತಿರದ ಖೋಡದ್‌ನಲ್ಲಿ, ಜಿಎಂಆರ್‌ಟಿ ರೇಡಿಯೊ ದೂರದರ್ಶಕದ ಅಂಗಳದಲ್ಲಿ, ಹಳ್ಳಿ ಶಾಲೆಗಳ ಮಕ್ಕಳು ತಾವು ಮಾಡಿದ ಮಾದರಿಗಳನ್ನು ಇಟ್ಟುಕೊಂಡು ನಿಲ್ಲುತ್ತಾರೆ. ಊರೊಳಗಿನ ಶಾಲೆಗಳಲ್ಲೂ ಅದೇ ವಾರ ವಿಜ್ಞಾನ ಮೇಳ. ಪತ್ರ ಬರುವುದು ಅದಕ್ಕಾಗಿ.

ಪತ್ರದ ಒಕ್ಕಣೆ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ. ಪ್ರತಿ ಮಗುವೂ ಒಂದು ಮಾದರಿ ಮಾಡಿ ತರಬೇಕು, ಬೇಕಾಗುವ ಸಾಮಾನಿನ ಪಟ್ಟಿ ಇಲ್ಲಿದೆ. ಪಾಲಕರು ಸ್ವಯಂಸೇವಕರಾಗಿ ಬರಬೇಕೆಂದು ಕೋರಿಕೆ, ಬರಲಾಗದವರು 500 ರೂಪಾಯಿ ಕೊಟ್ಟು ಕೈಜೋಡಿಸಬಹುದು. ಕೊನೆಗೊಂದು ಸಾಲು: ಇದೆಲ್ಲ ಐಚ್ಛಿಕ. ಕೆಳಗೆ ಕತ್ತರಿಸಿ ಕಳಿಸಲು ಒಂದು ಚೀಟಿ. ಅದರಲ್ಲಿ ಮಗುವಿನ ಹೆಸರು, ತುಕಡಿ, ಮತ್ತು ಮೂರು ಚೌಕ: ಬರುತ್ತೇವೆ, ಹಣ ಕೊಡುತ್ತೇವೆ, ಆಗುವುದಿಲ್ಲ.

ನಮ್ಮ ಭಾಗದ ಒಂದು ಶಾಲೆಯ ಪಾಲಕರ ಸಮಿತಿಯವರು ಹೋದ ವರ್ಷದ ಇಂಥದೊಂದು ಪತ್ರವನ್ನು ನನ್ನ ಕೈಗಿಟ್ಟು, ಈ ಸಲ ಇದು ಕನ್ನಡದಲ್ಲೂ ಹೋಗಲಿ, ನೀವು ಬರೆದುಕೊಡಿ ಎಂದರು. ಆ ಶಾಲೆಯ ಆರನೇ ಇಯತ್ತೆಯ ಎರಡು ತುಕಡಿಗಳಲ್ಲಿ 84 ಮಕ್ಕಳು. ಅವರಲ್ಲಿ ಐಟಿಯವರ ಮಕ್ಕಳಿದ್ದಾರೆ, ಭೋಸರಿಯ ಕಾರ್ಖಾನೆಗಳಿಗೆ ಹೋಗುವವರ ಮಕ್ಕಳಿದ್ದಾರೆ. ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಇಲ್ಲೇ ನೆಲೆನಿಂತ ಮನೆಗಳ ಮಕ್ಕಳೂ ಇದ್ದಾರೆ. ಆ ಮನೆಗಳ ಮಕ್ಕಳು ಮರಾಠಿ ಓದುತ್ತಾರೆ, ತಾಯಂದಿರು ಓದುವುದಿಲ್ಲ. ಯಾರಾದರೂ ಕನ್ನಡದಲ್ಲಿ ಓದಿ ಹೇಳಿದರೆ ತಿಳಿಯುತ್ತದೆ.

ಅನುವಾದಕ್ಕೆ ಕೂತರೆ ಎರಡು ಪದಗಳ ಮೇಲೆ ಲೇಖನಿ ನಿಲ್ಲುತ್ತದೆ. ಒಂದು ‘ಸ್ವಯಂಸೇವಕ’. ದಿನಗೂಲಿಯವರಿಗೆ ಅದರ ಅರ್ಥ ಒಂದು ಹಾಜರಿ ಕಳೆದುಕೊಳ್ಳುವುದು. ಇನ್ನೊಂದು ‘ಐಚ್ಛಿಕ’. ಶಹಾಪುರ ಕಡೆಯ ಒಬ್ಬ ತಾಯಿಗೆ ಹಳೆಯ ಪತ್ರವನ್ನು ಓದಿ ಹೇಳಿದೆ. “ಕೊಡಾಕಬೇಕೇನ್ರಿ?” ಎಂದು ಕೇಳಿದರು. ಇಲ್ಲಮ್ಮ, ಮನಸ್ಸಿದ್ದರೆ ಮಾತ್ರ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಕೊಡದವ್ರ ಹೆಸರು ಬರ್ಕೊಳ್ಳಂಗಿಲ್ಲೇನ್ರಿ?” ಎಂದರು.

ಒಂದು ಕೋರಿಕೆ ಯಾವಾಗ ನಿಜವಾಗಿ ಕೋರಿಕೆಯಾಗಿರುತ್ತದೆ, ಯಾವಾಗ ವಸೂಲಿಯಾಗುತ್ತದೆ? ನಾನು ಇಲ್ಲಿ ಬರೆಯುತ್ತಿರುವುದೆಲ್ಲ ಆ ತಾಯಿಯ ಪ್ರಶ್ನೆಯ ಬೆನ್ನುಹತ್ತಿಯೇ. ಐಚ್ಛಿಕ ಎಂಬ ಪದ ಕಾಗದದಲ್ಲಿ ಇದೆಯೋ ಇಲ್ಲವೋ ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ‘ಆಗುವುದಿಲ್ಲ’ ಎಂದ ಮೇಲೆ ಏನಾಗುತ್ತದೆ ಎಂಬುದು ಮುಖ್ಯವಾಗಿತ್ತು.

ಕಾನೂನು ಇಲ್ಲಿ ಒಂದಿಷ್ಟು ದೂರ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳು ಪ್ರವೇಶದ ತರಗತಿಯಲ್ಲಿ ಕನಿಷ್ಠ ಶೇಕಡಾ 25 ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕು. ಅದೇ ಕಾಯ್ದೆಯ 3ನೇ ಕಲಮಿನ ಎರಡನೇ ಉಪಕಲಮು, ಮಗು ತನ್ನ ಪ್ರಾಥಮಿಕ ಶಿಕ್ಷಣ ಮುಗಿಸುವುದಕ್ಕೆ ಅಡ್ಡಿಯಾಗುವಂಥ ಯಾವ ಶುಲ್ಕವನ್ನೂ ಖರ್ಚನ್ನೂ ಅದರ ಮೇಲೆ ಹೊರಿಸುವಂತಿಲ್ಲ ಎನ್ನುತ್ತದೆ. ಆದರೆ 300 ರೂಪಾಯಿಯ ಒಂದು ಮಾದರಿಗಾಗಿ ಯಾರೂ ಶಾಲೆ ಬಿಡುವುದಿಲ್ಲ. ಮಗು ಮೇಳದ ದಿನ ‘ಹೊಟ್ಟೆನೋವು’ ಎಂದು ಮನೆಯಲ್ಲಿ ಮಲಗುತ್ತದೆ, ಅಷ್ಟೇ. ಯಾವ ಕಲಮಿಗೂ ಆ ಹೊಟ್ಟೆನೋವು ಕಾಣಿಸದು.

ಆಡಂ ಸ್ಮಿತ್‌ಗೆ ಅದು ಕಂಡಿತ್ತು. 1776ರ ತನ್ನ ‘ವೆಲ್ತ್ ಆಫ್ ನೇಷನ್ಸ್’ ಗ್ರಂಥದಲ್ಲಿ ಆತ ನಾರಗಸೆಯ ನೂಲಿನ ಅಂಗಿಯ ಉದಾಹರಣೆ ಕೊಡುತ್ತಾನೆ. ಬದುಕುವುದಕ್ಕೆ ಆ ಅಂಗಿ ಬೇಕೇ ಬೇಕೆಂದಿಲ್ಲ. ಗ್ರೀಕರೂ ರೋಮನ್ನರೂ ಅದಿಲ್ಲದೆ ಸುಖವಾಗಿಯೇ ಇದ್ದರು. ಆದರೆ ತನ್ನ ಕಾಲದ ಯುರೋಪಿನಲ್ಲಿ ಮರ್ಯಾದಸ್ಥ ಕೂಲಿಯವನೊಬ್ಬ ಅದಿಲ್ಲದೆ ನಾಲ್ಕು ಜನರೆದುರು ಬರಲು ನಾಚುತ್ತಾನೆ, ಆದ್ದರಿಂದ ಅದೂ ಅಗತ್ಯ ವಸ್ತುವೇ ಎನ್ನುತ್ತಾನೆ. ಬಡತನವೆಂದರೆ ನಾಚಿಕೆಯಿಲ್ಲದೆ ಎದುರು ಬಂದು ನಿಲ್ಲಲಾಗದ ಸ್ಥಿತಿಯೂ ಹೌದು ಎಂದು ವಿವರಿಸುವಾಗ ಅಮರ್ತ್ಯ ಸೇನ್ ಈ ಅಂಗಿಯನ್ನೇ ಮತ್ತೆ ಎತ್ತಿಕೊಂಡರು. ವಿಜ್ಞಾನ ಮೇಳದಲ್ಲಿ ಬಣ್ಣ ಬಳಿದ, ದೀಪ ಮಿನುಗುವ ಜ್ವಾಲಾಮುಖಿ ಆ ಅಂಗಿ. ಅದಕ್ಕೂ ವಿಜ್ಞಾನಕ್ಕೂ ಹೆಚ್ಚಿನ ಸಂಬಂಧವಿಲ್ಲ. ಆದರೂ ಪಕ್ಕದ ಮೇಜಿನಲ್ಲಿ ಅದು ಬಂದು ಕೂತ ಮೇಲೆ ಎರಡು ಬೆಂಕಿಕಡ್ಡಿ ಹಿಡಿದುಕೊಂಡು ನಿಲ್ಲುವುದು ಕಷ್ಟ.

ಸಮಿತಿಯಲ್ಲಿ ಒಬ್ಬರು ಸುಲಭದ ದಾರಿ ಸೂಚಿಸಿದರು. ಕಷ್ಟದಲ್ಲಿರುವ ಮನೆಗಳು ಯಾವುವೆಂದು ಗೊತ್ತೇ ಇದೆ, ಅವರಿಗೆ ಈ ಪತ್ರ ಕಳಿಸುವುದೇ ಬೇಡ. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು ಅದು. ಆದರೆ ತರಗತಿಯಲ್ಲಿ ಪತ್ರ ಹಂಚುವಾಗ ಇಪ್ಪತ್ತು ಮಕ್ಕಳ ಕೈ ಖಾಲಿ ಉಳಿದರೆ, ಇಡೀ ವರ್ಷ ಯಾರಿಗೂ ಗೊತ್ತಾಗದಿದ್ದ ಪಟ್ಟಿ ಆ ಒಂದು ನಿಮಿಷದಲ್ಲಿ ತಯಾರಾಗುತ್ತದೆ. ಇನ್ನೊಂದು ಮಾತೂ ಇದೆ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು. ಈ ದಿನ ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಯಾರನ್ನು ಮುಯ್ಯಿಗೆ ಕರೆಯುವುದಿಲ್ಲವೋ ಅವರು ಊರಿನ ಲೆಕ್ಕದ ಹೊರಗೆ. ‘ನಿಮ್ಮಿಂದ ನಮಗೇನೂ ಬೇಡ’ ಎಂಬ ಮಾತು ಕೆಲವೊಮ್ಮೆ ದಯೆಯಂತೆ ಕಂಡರೂ ಕೇಳಿಸಿಕೊಂಡವರಿಗೆ ಹಾಗೆ ಕೇಳಿಸುವುದಿಲ್ಲ.

ಆದ್ದರಿಂದ ಕೇಳಿದರೆ ಒತ್ತಾಯ, ಕೇಳದಿದ್ದರೆ ಹೊರಗಿಟ್ಟ ಹಾಗೆ. ಇವೆರಡರ ನಡುವೆ ದಾರಿಯಿದೆಯೇ ಎಂದು ಹುಡುಕುವಾಗ ನನಗೆ ನೆರವಾದದ್ದು ನನ್ನ ಉದ್ಯೋಗದ ಒಂದು ಸಣ್ಣ ಅಭ್ಯಾಸ. ಯಾವ ಪ್ರಾಜೆಕ್ಟಿನಲ್ಲೂ ಮೊದಲು ನೋಡುವುದು, ಯಾವ ಕೆಲಸ ನಿಂತರೆ ಎಲ್ಲವೂ ನಿಲ್ಲುತ್ತದೆ ಎಂಬುದನ್ನು. ಅದೇ ಕ್ರಿಟಿಕಲ್ ಪಾತ್. ಆ ದಾರಿಯಲ್ಲಿ ಕೂತಿರುವವರಿಗೆ ‘ನಿಮಗೆ ಮನಸ್ಸಿದ್ದರೆ ಮಾಡಿ’ ಎಂದು ಹೇಳುವುದು ಸುಳ್ಳು, ಏಕೆಂದರೆ ಅವರು ಮಾಡದಿದ್ದರೆ ನಾವು ಅವರ ಬೆನ್ನು ಬಿಡುವುದಿಲ್ಲ. ಹಳೆಯ ಪತ್ರದಲ್ಲಿ ಆದದ್ದು ಇದೇ. ಮೇಳ ನಡೆಯಬೇಕಾದರೆ 84 ಮನೆಗಳೂ ಹೂಂ ಎನ್ನಲೇಬೇಕಿತ್ತು. ಒಂದು ಮನೆ ಬೇಡ ಎಂದರೂ ಒಂದು ಮೇಜು ಖಾಲಿ. ಹಾಗಿದ್ದ ಮೇಲೆ ಐಚ್ಛಿಕ ಎಂಬ ಪದಕ್ಕೆ ಬೆಲೆಯೆಲ್ಲಿ? ಬೇಡ ಎಂಬ ಉತ್ತರವನ್ನು ತಾಳಿಕೊಳ್ಳುವ ಶಕ್ತಿ ಕೇಳುವವನಿಗೆ ಇರಬೇಕು. ಅಷ್ಟಿದ್ದರೆ ಮಾತ್ರ ಅವನು ಕೇಳುತ್ತಿರುವುದು ಕೋರಿಕೆ.

ಹಾಗಾದರೆ ಪತ್ರಕ್ಕೂ ಮೊದಲು ಮೇಳವನ್ನೇ ಬದಲಿಸಬೇಕಾಯಿತು. ಒಬ್ಬರೂ ಏನೂ ಕೊಡದಿದ್ದರೂ ನಡೆಯುವ ಮೇಳ ಹೇಗಿರುತ್ತದೆ?

ಇದಕ್ಕೆ ಉತ್ತರ ಪುಣೆಯಲ್ಲೇ ಇತ್ತು. ಅರವಿಂದ ಗುಪ್ತಾ ಐಐಟಿ ಕಾನ್ಪುರದಲ್ಲಿ ಓದಿ, ಇಲ್ಲಿಯ ಟೆಲ್ಕೊ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು. ಎಪ್ಪತ್ತರ ದಶಕದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮದ ನಂಟು ಹತ್ತಿ, ಹಳ್ಳಿಯ ಸಂತೆಯಲ್ಲಿ ಸಿಗುವ ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬುಗಳಿಂದ ವಿಜ್ಞಾನದ ಆಟಿಕೆಗಳನ್ನು ಮಾಡತೊಡಗಿದರು. ಆಮೇಲೆ ಎಷ್ಟೋ ವರ್ಷ ಅಯುಕಾದ ಮುಕ್ತಾಂಗಣ ವಿಜ್ಞಾನ ಶೋಧಿಕಾದಲ್ಲಿ ಮಕ್ಕಳ ಜೊತೆ ಅದನ್ನೇ ಮಾಡಿದರು. ಅವರು ಜನಪ್ರಿಯಗೊಳಿಸಿದ ಆಟಿಕೆಗಳಲ್ಲಿ ಒಂದು ಪುಟ್ಟ ವಿದ್ಯುತ್ ಮೋಟಾರು. ನಾವು ಅದನ್ನೇ ಆರಿಸಿಕೊಂಡೆವು. ಆರು ಮಕ್ಕಳಿಗೊಂದು ಮೇಜಿನಂತೆ 14 ಮೇಜು, ಪ್ರತಿ ಮೇಜಿಗೊಂದು ಮೋಟಾರು. ಅದರ ಜೊತೆಗೆ ಆ ಗುಂಪು ತಾನೇ ಯೋಚಿಸಿ ಮಾಡುವ ಇನ್ನೊಂದು ಆಟಿಕೆ.

ಮೋಟಾರಿಗೆ ಬೇಕಾದದ್ದು ಟಾರ್ಚಿನ ದೊಡ್ಡ ಸೆಲ್ ಒಂದು, ಎರಡು ಸೇಫ್ಟಿ ಪಿನ್ನು, ಒಂದು ಉಂಗುರ ಅಯಸ್ಕಾಂತ, ಸೈಕಲ್ ಟ್ಯೂಬು ಕತ್ತರಿಸಿದ ಒಂದು ಪಟ್ಟಿ, ಅರ್ಧ ಮಿಲಿಮೀಟರ್ ದಪ್ಪದ ಎನಾಮಲ್ ಹೊದಿಕೆಯ ತಾಮ್ರದ ತಂತಿ. ತಂತಿಯನ್ನು ಸೆಲ್ಲಿನ ಸುತ್ತ ಹತ್ತು ಸುತ್ತು ಸುತ್ತಿ ಹೊರತೆಗೆದು, ಎರಡು ತುದಿಗಳನ್ನು ಎದುರುಬದುರಾಗಿ ಚಾಚಿಸಬೇಕು. ಟ್ಯೂಬಿನ ಪಟ್ಟಿಯಿಂದ ಪಿನ್ನುಗಳನ್ನು ಸೆಲ್ಲಿನ ಎರಡು ಧ್ರುವಗಳಿಗೆ ಬಿಗಿದು, ಮೇಲೆ ಅಯಸ್ಕಾಂತ ಕೂರಿಸಿ, ಪಿನ್ನಿನ ಕಣ್ಣುಗಳಲ್ಲಿ ಸುರುಳಿಯ ತುದಿಗಳನ್ನಿಟ್ಟು ಮೆಲ್ಲಗೆ ತಿರುಗಿಸಿದರೆ ಅದು ತಿರುಗತೊಡಗುತ್ತದೆ.

ತಿರುಗದಿದ್ದರೆ ತಪ್ಪು ಹೆಚ್ಚಾಗಿ ಒಂದೇ ಕಡೆ. ತಂತಿಯ ಒಂದು ತುದಿಯ ಎನಾಮಲ್ಲನ್ನು ಪೂರ್ತಿ ಕೆರೆಯಬೇಕು, ಇನ್ನೊಂದನ್ನು ಒಂದು ಮಗ್ಗುಲು ಉಳಿಸಿ ಕೆರೆಯಬೇಕು. ಆಗ ಅರ್ಧ ಸುತ್ತಿನಲ್ಲಿ ವಿದ್ಯುತ್ ಹರಿದು ಸುರುಳಿಯನ್ನು ತಳ್ಳುತ್ತದೆ, ಉಳಿದರ್ಧದಲ್ಲಿ ಹರಿವು ನಿಂತು ಸುರುಳಿ ತನ್ನ ಓಟದಲ್ಲೇ ದಾಟುತ್ತದೆ. ಎರಡೂ ತುದಿಗಳನ್ನು ಪೂರ್ತಿ ಕೆರೆದರೆ ಉಳಿದರ್ಧದಲ್ಲಿ ಅದೇ ಬಲ ಹಿಂದಕ್ಕೆ ಎಳೆಯುತ್ತದೆ. ಸುರುಳಿ ನಡುಗಿ ನಿಂತುಬಿಡುತ್ತದೆ. ನಡುಗಿದರೆ ಹೆಚ್ಚು ಕೆರೆದಿದ್ದೀರಿ, ಅಲ್ಲಾಡದೇ ಇದ್ದರೆ ಕಡಿಮೆ ಕೆರೆದಿದ್ದೀರಿ. ಆರನೇ ಇಯತ್ತೆಯ ಮಗು ತಾನೇ ಕಂಡುಹಿಡಿಯಬಹುದಾದ ವಿಷಯ ಇದು. ಇದರಲ್ಲಿ ಗೆಲ್ಲುವುದಕ್ಕೆ ಬೇಕಾದದ್ದು ಕೈಯ ಜಾಣತನ. ಅಪ್ಪನ ಸಂಬಳ ಎಷ್ಟೆಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಈಗ ಖರ್ಚು ನೋಡಿ. ಒಂದು ಸುರುಳಿಗೆ ಸುಮಾರು ಒಂದೂಕಾಲು ಮೀಟರ್ ತಂತಿ. ಒಂದು ಮೇಜಿಗೆ ಮೂರು ಪ್ರಯತ್ನ ಎಂದುಕೊಂಡರೆ 50 ಮೀಟರ್ ಚಿಲ್ಲರೆ. ಅದು 100 ಗ್ರಾಮಿಗೆ ಬರುತ್ತದೆ. ರೀವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ಮೋಟಾರಿನ ತಂತಿ ಬಿಟ್ಟಿಯಾಗಿ ಸಿಗಬಹುದು, ಆದರೆ ಅದು ನಡೆಯದು. ಎನಾಮಲ್ ಕರಕಲಾಗಿರುತ್ತದೆ, ಉಳಿಸಬೇಕಾದ ಮಗ್ಗುಲೇ ಉಳಿದಿರುವುದಿಲ್ಲ. ಹೊಸದನ್ನೇ ಕೊಳ್ಳಬೇಕು. ಸುರುಳಿಯ ರೋಧ ತೀರ ಕಡಿಮೆಯಾದ್ದರಿಂದ ಸೆಲ್ ಬೇಗ ಬಿಸಿಯಾಗಿ ಸೋಲುತ್ತದೆ. ನೋಡುವವರು ಬಂದಾಗಷ್ಟೇ ಸುರುಳಿ ಇಟ್ಟು ಆಮೇಲೆ ತೆಗೆದುಬಿಡಬೇಕು, ಮೇಜಿಗೆ ಎರಡು ಸೆಲ್ ಇರಬೇಕು. 28 ಸೆಲ್ಲಿಗೆ ತಲಾ 25 ರೂಪಾಯಿಯಂತೆ 700, ತಂತಿಗೆ 150, ಪಿನ್ನಿಗೆ 30. ಬುಧವಾರ ಪೇಠೆಗೆ ಹೋಗಿ ಬರುವ ಖರ್ಚು ಸೇರಿದರೂ ಸಾವಿರದೊಳಗೆ. ಹಳೆಯ ಪಟ್ಟಿಯ ಪ್ರಕಾರ ಮಗುವಿಗೆ 300 ರೂಪಾಯಿ ಹಿಡಿದರೂ ಮನೆಗಳಿಂದ 25,200 ರೂಪಾಯಿ ಹೋಗುತ್ತಿತ್ತು. ಸಾವಿರವನ್ನು ಶಾಲೆಯೇ ಕೊಟ್ಟಿತು. ಅಲ್ಲಿಗೆ, ಮೇಳ ನಿಲ್ಲಬಹುದಾದ ಯಾವ ಗಂಟೂ ಯಾರ ಜೇಬಿನಲ್ಲೂ ಉಳಿಯಲಿಲ್ಲ. ಸಾವಿರವೂ ಇಲ್ಲದ ಶಾಲೆಯಾದರೆ ಏಳೇ ಮೇಜು ಇಡಬಹುದು. ಆದರೆ ಕೊರತೆ ಬಿದ್ದಾಗ ಮೇಳ ಚಿಕ್ಕದಾಗಬೇಕೇ ಹೊರತು ಪತ್ರದ ದನಿ ಏರಬಾರದು.

ಉಳಿದ ಸಾಮಾನನ್ನು ಮನೆಗಳಿಂದ ಕೇಳಬಹುದು ಎಂದಾಗ ಒಂದು ಹಳೆಯ ನಂಬಿಕೆ ಅಡ್ಡ ಬಂತು. ಕಸದಿಂದ ರಸ ಎನ್ನುತ್ತೇವಲ್ಲ, ಕಸ ಎಲ್ಲರ ಮನೆಯಲ್ಲೂ ಇರುತ್ತದೆ, ಅದನ್ನು ಕೇಳಿದರೆ ಯಾರಿಗೂ ಭಾರವಿಲ್ಲ ಎಂಬ ನಂಬಿಕೆ. ಹಳೆಯ ಪತ್ರಿಕೆ ಹತ್ತು, ಶೂ ಡಬ್ಬಿ ಒಂದು, ಶಾಂಪೂ ಬಾಟಲಿ ಎರಡು. ಓದಲು ಎಷ್ಟು ಸಾದಾ! ಆದರೆ ಪತ್ರಿಕೆ ತರಿಸುವ ಮನೆಯಲ್ಲಿ ಮಾತ್ರ ಹಳೆಯ ಪತ್ರಿಕೆ ಇರುತ್ತದೆ. ಶಾಂಪೂವನ್ನು ಎರಡು ರೂಪಾಯಿಯ ಪುಡಿಕೆಯಲ್ಲಿ ತರುವ ಮನೆಯಲ್ಲಿ ಬಾಟಲಿ ಇರುವುದಿಲ್ಲ. ರಸ್ತೆಬದಿಯ ಚಪ್ಪಲಿಗೆ ಡಬ್ಬಿ ಬರುವುದಿಲ್ಲ. ಇನ್ನು ರದ್ದಿ, ಪುಟ್ಟ, ಬಾಟಲಿ ಆರಿಸಿ ಮಾರುವುದೇ ಜೀವನವಾದ ಸಾವಿರಾರು ಜನ ಈ ಊರಲ್ಲಿದ್ದಾರೆ. 1993ರಲ್ಲೇ ಅವರು ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಸಂಘ ಕಟ್ಟಿಕೊಂಡರು. ಅವರ ಮನೆಯ ಮಗುವಿಗೆ ಹತ್ತು ಪತ್ರಿಕೆ ತಾ ಎನ್ನುವುದು ರೊಕ್ಕ ತಾ ಎಂದಂತೆಯೇ. ಕಸವೂ ಅನುಕೂಲಸ್ಥರ ಮನೆಯಲ್ಲೇ ಹೆಚ್ಚು.

ಆದ್ದರಿಂದ ‘ಪ್ರತಿ ಮಗುವೂ ತರಲಿ’ ಎಂಬ ಮಾತನ್ನೇ ತೆಗೆದೆವು. ಅದರ ಜಾಗದಲ್ಲಿ ಶಾಲೆಗೆ ಒಟ್ಟು ಎಷ್ಟು ಬೇಕೆಂದು ಬರೆದೆವು: ಹಳೆಯ ಸ್ಪೀಕರಿನ ಅಯಸ್ಕಾಂತ 14, ಪಂಕ್ಚರ್ ಆದ ಸೈಕಲ್ ಟ್ಯೂಬು 5, ಪುಟ್ಟದ ಡಬ್ಬಿ 30. ಯಾವ ಮನೆಯಿಂದ ಬಂದರೂ ಸರಿ. ಮೆಟ್ಟಿಲ ಕೆಳಗೆ ದೊಡ್ಡ ಪೆಟ್ಟಿಗೆಯೊಂದನ್ನು ಎರಡು ವಾರ ಇಟ್ಟೆವು. ಬೇಕಾದವರು ಹಾಕಬಹುದು, ಹೆಸರು ಬರೆಯುವವರಿಲ್ಲ. ಮೇಳಕ್ಕೆ ಒಂದೇ ನಿಯಮ: ಮೇಜಿನ ಮೇಲೆ ಬರುವ ಪ್ರತಿಯೊಂದೂ ಆ ಪೆಟ್ಟಿಗೆಯಿಂದಲೇ ಬರಬೇಕು, ಶಾಲೆಯಲ್ಲೇ ತಯಾರಾಗಬೇಕು. ಆನ್‌ಲೈನಿನಲ್ಲಿ ತರಿಸಿದ ಮೋಟಾರು ಕೊಡುವ ಮನಸ್ಸಿದ್ದರೆ ಕೊಡಲಿ, ಅದೂ ಪೆಟ್ಟಿಗೆಗೇ ಹೋಗುತ್ತದೆ, ಯಾವ ಮಗುವಾದರೂ ತೆಗೆದುಕೊಳ್ಳಬಹುದು.

ಈ ಪೆಟ್ಟಿಗೆಯ ಹಿಂದೆ ಬಹಳ ಹಳೆಯ ಒಂದು ಕೋಣೆಯಿದೆ. ಯಹೂದಿಗಳ ಮಿಷ್ನಾ ಗ್ರಂಥದಲ್ಲಿ, ಜೆರುಸಲೇಮಿನ ದೇವಾಲಯದಲ್ಲಿದ್ದ ಗುಟ್ಟಿನ ಕೋಣೆಯೊಂದರ ಮಾತು ಬರುತ್ತದೆ. ದೈವಭಕ್ತರು ಅದರಲ್ಲಿ ಗುಟ್ಟಾಗಿ ಹಣ ಇಟ್ಟು ಹೋಗುತ್ತಿದ್ದರು. ಬಡವಾದ ಒಳ್ಳೆಯ ಮನೆತನದವರು ಗುಟ್ಟಾಗಿ ಅದರಿಂದ ನೆರವು ಪಡೆಯುತ್ತಿದ್ದರು. ಹನ್ನೆರಡನೆಯ ಶತಮಾನದ ತತ್ತ್ವಜ್ಞಾನಿ ಮೈಮೊನೈಡಿಸ್ ದಾನದ ಎಂಟು ಮೆಟ್ಟಿಲುಗಳನ್ನು ಎಣಿಸುವಾಗ ಈ ಕೋಣೆಯನ್ನು ಮೇಲಿನಿಂದ ಎರಡನೆಯ ಮೆಟ್ಟಿಲಿನಲ್ಲಿ ಇಡುತ್ತಾನೆ. ಕೊಟ್ಟವನಿಗೆ ಪಡೆದವನಾರೆಂದು ತಿಳಿಯದು, ಪಡೆದವನಿಗೆ ಕೊಟ್ಟವನಾರೆಂದು ತಿಳಿಯದು. ನಾವು ಕೇಳಬೇಕಾದದ್ದು ಅಷ್ಟೇ ಸರಳ. ಇಲ್ಲದ್ದರಿಂದ ಕೊಡದ ಮನೆಯೂ ಮನಸ್ಸಿಲ್ಲದೆ ಕೊಡದ ಮನೆಯೂ ಮರೆತ ಮನೆಯೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆಯೇ? ಕಾಣುವುದಾದರೆ ಬಡತನವೇ ಕಾರಣ ಎಂದು ಯಾರೂ ಬೆರಳು ತೋರಿಸಲಾರರು.

ಇದೇ ಪರೀಕ್ಷೆಗೆ ಚೀಟಿಯನ್ನೂ ಒಡ್ಡಿದೆವು. ‘ಆಗುವುದಿಲ್ಲ’ ಎಂಬ ಚೌಕ ಹೋಯಿತು. ಹೊಸ ಚೀಟಿಯಲ್ಲಿ ಮಗುವಿನ ಹೆಸರಿಲ್ಲ, ಒಂದೇ ಒಂದು ಖಾಲಿ ಗೆರೆ. ಪ್ರತಿ ಮಗುವೂ ಚೀಟಿಯನ್ನು ಮಡಚಿ ತಂದು ಲಕೋಟೆಗೆ ಹಾಕುತ್ತದೆ, ಖಾಲಿಯಿದ್ದರೂ. ಕೈ ಹಚ್ಚಲು ಬರುವವರು ಮಾತ್ರ ಹೆಸರು, ಫೋನ್ ನಂಬರ್ ಬರೆಯುತ್ತಾರೆ. ಲಕೋಟೆ ಬಿಚ್ಚುವುದು ತರಗತಿಯ ಶಿಕ್ಷಕಿ ಅಲ್ಲ, ಕಚೇರಿಯವರು. ದಿನವೂ ಮಗುವಿನ ಮುಖ ನೋಡುವವರಿಗೆ ಆ ಲೆಕ್ಕ ಗೊತ್ತಿರದಿರುವುದೇ ಒಳ್ಳೆಯದು.

ಬರಲಾಗದವರು 500 ಕೊಡಲಿ ಎಂಬ ಸಾಲನ್ನು ತೆಗೆಯುವುದಕ್ಕೆ ಚರ್ಚೆ ಆಯಿತು. ಅದರಿಂದ ಯಾರಿಗೇನು ನಷ್ಟ ಎಂದರು ಕೆಲವರು. ಇಸ್ರೇಲಿನ ಹೈಫಾ ನಗರದ ಹತ್ತು ಶಿಶುವಿಹಾರಗಳಲ್ಲಿ ಉರಿ ನೀಝಿ ಮತ್ತು ಆಲ್ಡೊ ರುಸ್ತಿಕಿನಿ ಎಂಬ ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ನಡೆಸಿ 2000ದಲ್ಲಿ ಪ್ರಕಟಿಸಿದ್ದಾರೆ. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪಾಲಕರಿಗೆ ಆರು ಕಡೆ ಸಣ್ಣ ದಂಡ ಹಾಕಿದರು. ತಡ ಮಾಡುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು. ಮೊದಲು ಶಿಕ್ಷಕಿಯ ಮುಖ ನೋಡಿ ಸಂಕೋಚಪಡುತ್ತಿದ್ದವರಿಗೆ ಈಗ ತಡವೆಂಬುದು ಕಾಸು ಕೊಟ್ಟು ಪಡೆಯುವ ಸೇವೆಯಾಯಿತು. ದಂಡ ತೆಗೆದ ಮೇಲೂ ಹಳೆಯ ಸ್ಥಿತಿ ಮರಳಲಿಲ್ಲ. ನಮ್ಮ 500ರ ಸಾಲೂ ಅದನ್ನೇ ಮಾಡುತ್ತದೆ. ಹಣವಿದ್ದವರಿಗೆ ಅದು ಬಿಡುಗಡೆಯ ಚೀಟಿ, ಹಣವಿಲ್ಲದವರಿಗೆ ಅದೇ ಹಾಜರಿ ಕಡ್ಡಾಯ. ಜೊತೆಗೆ ಬಂದು ಮೂರು ತಾಸು ನಿಂತವರ ಕೆಲಸಕ್ಕೂ ಬೆಲೆ ಕಟ್ಟಿದಂತಾಗುತ್ತದೆ, ಅದೂ ಕಡಿಮೆ ಬೆಲೆ.

ಸಮಯದಲ್ಲೂ ಇಂಥದೇ ಒಂದು ತೊಡಕು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ ಎಂದರೆ ಬರುವವರು ನನ್ನಂಥವರು ಮಾತ್ರ. ಭೋಸರಿ ಕಡೆಯ ಅನೇಕ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಕಟ್ಟಡ ಕೆಲಸದವರಿಗೆ ಸಂಜೆ ಏಳರ ಮೊದಲು ಬಿಡುವಿಲ್ಲ. ಹೀಗಾಗಿ ಮೂರು ಹೊತ್ತು ಗೊತ್ತುಮಾಡಿದೆವು. ಕೊನೆಗೆ ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲಿ ಹೋದ ಪತ್ರ ಇದು:

“ಮಕ್ಕಳ ತಾಯಿತಂದೆಯರಿಗೆ ನಮಸ್ಕಾರ. ಫೆಬ್ರುವರಿ 28ಕ್ಕೆ ಆರನೇ ಇಯತ್ತೆಯ ವಿಜ್ಞಾನ ಮೇಳ ಇದೆ. ಬೇಕಾದ ಮುಖ್ಯ ಸಾಮಾನನ್ನು ಶಾಲೆ ಆಗಲೇ ತಂದಿದೆ. ಯಾರೂ ಏನೂ ಕೊಡದಿದ್ದರೂ ಮೇಳ ನಡೆಯುತ್ತದೆ, ಎಲ್ಲ ಮಕ್ಕಳೂ ಅದರಲ್ಲಿ ಇರುತ್ತಾರೆ. ಮೇಳಕ್ಕಾಗಿ ಏನನ್ನೂ ಕೊಳ್ಳಬೇಡಿರಿ. ರೊಕ್ಕ ಕಳಿಸಬೇಡಿರಿ.

ಹಳೆಯ ಸ್ಪೀಕರಿನ ಅಯಸ್ಕಾಂತ, ತೂತು ಬಿದ್ದ ಸೈಕಲ್ ಟ್ಯೂಬು, ಪುಟ್ಟದ ಡಬ್ಬಿ ನಿಮ್ಮ ಮನೆಯಲ್ಲೋ ಕೆಲಸದ ಜಾಗದಲ್ಲೋ ಬೇಡವಾಗಿ ಬಿದ್ದಿದ್ದರೆ ಮೆಟ್ಟಿಲ ಕೆಳಗಿನ ಪೆಟ್ಟಿಗೆಗೆ ಹಾಕಿರಿ. ಮಾರುವ ಸಾಮಾನಾಗಿದ್ದರೆ ಮಾರಿಕೊಳ್ಳಿರಿ, ನಮಗೆ ಬೇಡ. ಮೊಬೈಲ್ ಬ್ಯಾಟರಿ, ಟ್ಯೂಬ್‌ಲೈಟ್, ಗಾಜು, ಥರ್ಮೋಕೋಲ್ ಹಾಕಬೇಡಿರಿ.

ತಂತಿ ಸುತ್ತಲು, ಟ್ಯೂಬು ಕತ್ತರಿಸಲು, ಮೇಜು ಜೋಡಿಸಲು ಕೈ ಹಚ್ಚುವವರು ಬೇಕು. ಗುರುವಾರ ಬೆಳಿಗ್ಗೆ, ಭಾನುವಾರ ಮಧ್ಯಾಹ್ನ, ಮೇಳದ ಹಿಂದಿನ ರಾತ್ರಿ 7ರಿಂದ 8. ಒಂದು ತಾಸು ಸಾಕು. ಓದು ಬರಹ ಬೇಕಿಲ್ಲ. ಕೆಲಸ ಬಿಟ್ಟು ಬರಬೇಡಿರಿ. ಮೇಳ ನೋಡಲು ಮಾತ್ರ ಎಲ್ಲರೂ ಬರ್ರಿ, ರಾತ್ರಿ 8ರ ತನಕ ಬಾಗಿಲು ತೆರೆದಿರುತ್ತದೆ.”

ಬ್ಯಾಟರಿಯ ಸಾಲು ಸುಮ್ಮನೆ ಬಂದದ್ದಲ್ಲ. ಲಿಥಿಯಂ ಬ್ಯಾಟರಿಗೆ ಈ ಸುರುಳಿ ತಗುಲಿದರೆ ಬೆಂಕಿ ಹತ್ತಬಹುದು. ಅಲಂಕಾರದ ಥರ್ಮೋಕೋಲಿಗೆ ಮಹಾರಾಷ್ಟ್ರದಲ್ಲಿ 2018ರಿಂದ ನಿಷೇಧವಿದೆ.

84 ಚೀಟಿ ವಾಪಸು ಬಂದವು. 37 ಖಾಲಿ. ಯಾರವೆಂದು ಯಾರಿಗೂ ಗೊತ್ತಿಲ್ಲ. ಪೆಟ್ಟಿಗೆ ಅಡ್ಡಾದಿಡ್ಡಿಯಾಗಿ ತುಂಬಿತು. ಯಾರೂ ಕೇಳದ ಬಾಟಲಿಗಳು ರಾಶಿ ಬಿದ್ದವು, ಅಯಸ್ಕಾಂತ ಮೊದಲ ವಾರ ಮೂರೇ. ಎರಡನೇ ವಾರ ಯಾರೋ ಒಂದು ಚೀಲದಲ್ಲಿ ಒಂಬತ್ತು ಇಟ್ಟುಹೋದರು. ಹಳೆಯ ಸ್ಪೀಕರು ಒಡೆಯುವುದು ಗುಜರಿ ಕೆಲಸದವರ ಕೈಗೆ ಸುಲಭ ಎಂದು ಎಲ್ಲರೂ ಊಹಿಸಿದೆವು, ಯಾರೂ ವಿಚಾರಿಸಲಿಲ್ಲ. ಉಳಿದ ಎರಡನ್ನು ಶಾಲೆ ಕೊಂಡಿತು. ಗುರುವಾರ ಬೆಳಿಗ್ಗೆ ಬಂದವರಲ್ಲಿ ಪಂಪಿನ ಕಾರ್ಖಾನೆಯಲ್ಲಿ ಕಾಯಿಲ್ ಸುತ್ತುವ ಒಬ್ಬರಿದ್ದರು. ಎನಾಮಲ್ ಕೆರೆಯುವಾಗ ಬ್ಲೇಡನ್ನು ಯಾವ ಕೋನದಲ್ಲಿ ಹಿಡಿಯಬೇಕೆಂದು ಅವರು ತೋರಿಸಿದ್ದನ್ನು ಮೂವರು ಎಂಜಿನಿಯರ್ ಪಾಲಕರು ಮಕ್ಕಳ ಜೊತೆ ನಿಂತು ನೋಡಿದರು.

ಇದಕ್ಕೆ ಬೆಲೆಯೂ ಇದೆ, ಅದನ್ನು ಮುಚ್ಚಿಡಬಾರದು. ಪುಟ್ಟದ ಡಬ್ಬಿಗಳಲ್ಲಿ ಹೆಚ್ಚಿನವು ಒಬ್ಬ ಅಂಗಡಿಯವರ ಕೊಡುಗೆ. ಮೇಳದ ದಿನ ಫಲಕದ ಮೇಲೆ ತಮ್ಮ ಹೆಸರು ಇರಬೇಕಿತ್ತು ಎಂದರು. ಮದುವೆಯಲ್ಲಿ ಮುಯ್ಯಿ ಬರೆಸುವ ಊರಿನಿಂದ ಬಂದವರು ಅವರು, ನಾನೂ ಅಂಥ ಊರಿನವನೇ. ಕೊಟ್ಟದ್ದನ್ನು ಬರೆದಿಟ್ಟುಕೊಳ್ಳುವುದರಲ್ಲಿ ಲೆಕ್ಕವಷ್ಟೇ ಅಲ್ಲ, ನೆನಪೂ ಇದೆ, ಸಂಬಂಧವೂ ಇದೆ. ಅವರ ಆಸೆಯಲ್ಲಿ ತಪ್ಪೇನಿರಲಿಲ್ಲ. ಆದರೆ ಕೊಟ್ಟವರ ಪಟ್ಟಿ ಗೋಡೆಗೆ ಹತ್ತಿದ ಗಳಿಗೆಯಲ್ಲೇ ಕೊಡದವರ ಪಟ್ಟಿಯೂ ತಯಾರಾಗುತ್ತದೆ. ಬರೆಯಬೇಕಾಗಿಲ್ಲ, ಕಳೆದರೆ ಸಾಕು. ಹೆಸರಿಲ್ಲದೆ ಹೋದದ್ದರಿಂದ ಅವರಿಗೆ ಒಂದಿಷ್ಟು ಸಂತೋಷ ತಪ್ಪಿತು. ಹೆಸರಿದ್ದಿದ್ದರೆ ಇನ್ನಾರಿಗೋ ಮೇಳವೇ ತಪ್ಪುತ್ತಿತ್ತು. ಎರಡೂ ಒಂದೇ ತೂಕದವಲ್ಲ ಎಂದು ಸಮಿತಿ ತೀರ್ಮಾನಿಸಿತು, ನನಗೂ ಹಾಗೇ ಅನಿಸಿತು. ಕೈ ಹಚ್ಚಲು ಬಂದವರನ್ನು ಮಾತ್ರ ಮುಚ್ಚಿಡಲಾಗದು. ಬಂದವರು ಕಾಣುತ್ತಾರೆ, ಬಾರದವರು ಯಾರೆಂದು ಮಕ್ಕಳು ಎಣಿಸುತ್ತಾರೆ. ಅದಕ್ಕೆ ನಮ್ಮ ಹತ್ತಿರ ಪೆಟ್ಟಿಗೆಯಿಲ್ಲ. ಮುಂದಿನ ವರ್ಷ ಕೆಲಸದ ಹೊತ್ತನ್ನು ಮಕ್ಕಳಿಲ್ಲದ ವೇಳೆಗೆ ಇಡಬೇಕೆಂದು ಈಗಾಗಲೇ ಬರೆದಿಟ್ಟುಕೊಂಡಿದ್ದೇವೆ.